ಕೀ ಹುಟ್ಟಿಸುವುದು ಸುಲಭ, ಬದಲಿಸುವುದು ಕಷ್ಟ

2023ರ ಏಪ್ರಿಲ್‌ನಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಕಲ್ಪೆಪರ್ ಎಂಬ ಸಣ್ಣ ಊರಿನ ಬಿಗಿ ಕಾವಲಿನ ಕೊಠಡಿಯೊಂದರಲ್ಲಿ ಒಂದು ಹೊಸ ಕೀ ಹುಟ್ಟಿತು. ಇಡೀ ಇಂಟರ್ನೆಟ್‌ನ ಹೆಸರಿನ ವ್ಯವಸ್ಥೆಯ ಬುಡದಲ್ಲಿ ಕೂರಬೇಕಾಗಿದ್ದ ಕೀ ಅದು. ಸಾಕ್ಷಿಗಳಿದ್ದರು, ಕ್ಯಾಮೆರಾ ಇತ್ತು, ಪ್ರತಿ ಹೆಜ್ಜೆಗೂ ದಾಖಲೆಯಿತ್ತು. ಆದರೂ ಆ ಕೀ ಒಂದು ದಿನವೂ ಬಳಕೆಗೆ ಬರಲಿಲ್ಲ. ಅದನ್ನು ಯಾರೂ ಕದಿಯಲಿಲ್ಲ, ಅದರ ಗಣಿತದಲ್ಲೂ ದೋಷವಿರಲಿಲ್ಲ. ಅದನ್ನು ಒಡಲಲ್ಲಿಟ್ಟುಕೊಂಡಿದ್ದ ಯಂತ್ರವನ್ನು ತಯಾರಿಸುತ್ತಿದ್ದ ಕಂಪನಿ ಆ ವ್ಯಾಪಾರದಿಂದಲೇ ಹೊರನಡೆಯಿತು. ಮುಂದಿನ ಹಲವು ವರ್ಷ ಬಾಳಬೇಕಾದ ಕೀಯನ್ನು ಬಿಡಿಭಾಗವೂ ಸಿಗದ ಯಂತ್ರದಲ್ಲಿಟ್ಟು ಕೂರುವುದು ಬೇಡವೆಂದು ಹೊಣೆ ಹೊತ್ತವರು ತೀರ್ಮಾನಿಸಿದರು. ಒಂದು ವರ್ಷದ ನಂತರ, 2024ರ ಏಪ್ರಿಲ್‌ನಲ್ಲಿ, ಅದೇ ಊರಿನಲ್ಲಿ ಬೇರೆ ಕಂಪನಿಯ ಯಂತ್ರದೊಳಗೆ ಮತ್ತೊಂದು ಕೀ ಹುಟ್ಟಿಸಿದರು.

ಕೀಗಳ ನಿರ್ವಹಣೆ ಎಂದರೆ ಗಟ್ಟಿಯಾದ ಕೀ ಮಾಡಿ ಭದ್ರವಾಗಿ ಬಚ್ಚಿಡುವುದು ಎಂದೇ ಹಲವರು ತಿಳಿದಿರುತ್ತಾರೆ. ಆ ಭಾಗ ಇಂದು ಬಹುಮಟ್ಟಿಗೆ ಬಗೆಹರಿದಿದೆ. ಬಗೆಹರಿಯದಿರುವುದು ಹಳೆಯ ಕೀಯನ್ನು ಕೆಳಗಿಳಿಸಿ ಹೊಸದನ್ನು ಕೂರಿಸುವ ಕೆಲಸ. ಅದನ್ನು ಇಂಟರ್ನೆಟ್‌ನ ರೂಟ್ ಕೀಯಷ್ಟು ಬಹಿರಂಗವಾಗಿ, ಅಷ್ಟು ಲೆಕ್ಕಪತ್ರದೊಂದಿಗೆ ಮಾಡಿ ತೋರಿಸಿದ ಉದಾಹರಣೆ ಇನ್ನೊಂದಿಲ್ಲ. ಬ್ಯಾಂಕು, ಪಾವತಿ ಕಂಪನಿ, ಸರ್ಕಾರಿ ಸೇವೆಗಳ ಕೀಗಳನ್ನು ನೋಡಿಕೊಳ್ಳುವ ಪ್ಲಾಟ್‌ಫಾರ್ಮ್ ಎಂಜಿನಿಯರುಗಳಿಗೆ ಅದರಲ್ಲಿ ಕಲಿಯಲು ಬೇಕಾದಷ್ಟಿದೆ.

ಮೊದಲು ಈ ಕೀ ಮಾಡುವ ಕೆಲಸವೇನೆಂದು ನೋಡೋಣ. ನಾವು ಬ್ರೌಸರಿನಲ್ಲಿ ಒಂದು ವಿಳಾಸ ಬರೆದಾಗ ಅದನ್ನು ಸಂಖ್ಯೆಯಾಗಿ ಬದಲಿಸಿಕೊಡುವುದು ಡಿಎನ್‌ಎಸ್ ವ್ಯವಸ್ಥೆ. ನಮ್ಮ ಪರವಾಗಿ ಉತ್ತರ ಹುಡುಕಿ ತರುವ ಸರ್ವರ್‌ಗೆ ರಿಸಾಲ್ವರ್ ಎನ್ನುತ್ತಾರೆ. ನಡುದಾರಿಯಲ್ಲಿ ಯಾರಾದರೂ ಸುಳ್ಳು ಉತ್ತರ ತುರುಕಿದರೆ ಗೊತ್ತಾಗಲೆಂದು ಉತ್ತರಗಳಿಗೆ ಡಿಜಿಟಲ್ ಸಹಿ ಹಾಕುವ ಪದ್ಧತಿ ಬಂತು. ಅದರ ಹೆಸರು ಡಿಎನ್‌ಎಸ್‌ಸೆಕ್. ಒಂದು ಸಹಿಯನ್ನು ಅದರ ಮೇಲಿನವರ ಸಹಿ ಖಾತರಿಪಡಿಸುತ್ತದೆ, ಅದನ್ನು ಅದಕ್ಕೂ ಮೇಲಿನವರದು. ಹೀಗೆ ಏರುತ್ತ ಹೋದರೆ ಕೊನೆಗೆ ಸಿಗುವುದು ರೂಟ್. ರೂಟ್‌ನ ಮೇಲೆ ಯಾರೂ ಇಲ್ಲ. ಹಾಗಾಗಿ ರೂಟ್‌ನ ಸಾರ್ವಜನಿಕ ಕೀಯನ್ನು ಪ್ರತಿ ರಿಸಾಲ್ವರ್ ಮೊದಲೇ ತನ್ನೊಳಗೆ ಬರೆದಿಟ್ಟುಕೊಂಡಿರಬೇಕು. ಇದಕ್ಕೆ ಟ್ರಸ್ಟ್ ಆಂಕರ್ ಎಂದು ಹೆಸರು. ಮುಂದೆ ಬರುವ ಕಷ್ಟಗಳಿಗೆಲ್ಲ ಈ ಒಂದು ಸಂಗತಿಯೇ ಮೂಲ.

ರೂಟ್‌ನಲ್ಲಿ ಎರಡು ಮಟ್ಟದ ಕೀಗಳಿವೆ. ನಿತ್ಯದ ಸಹಿ ಕೆಲಸಕ್ಕೆ ಒಂದು ಕೀ ಇದೆ. ಅದು ವೆರಿಸೈನ್ ಕಂಪನಿಯ ಕೈಯಲ್ಲಿದ್ದು, ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ. ಅದು ಬದಲಾಗುವುದು ಯಾರ ಗಮನಕ್ಕೂ ಬರುವುದಿಲ್ಲ, ಏಕೆಂದರೆ ಅದನ್ನು ಯಾರೂ ಬರೆದಿಟ್ಟುಕೊಂಡಿಲ್ಲ. ಅದಕ್ಕೆ ಸಹಿ ಹಾಕಿ ಅಧಿಕಾರ ಕೊಡುವ ಮೇಲಿನ ಕೀಗೆ ಕೆಎಸ್‌ಕೆ ಎನ್ನುತ್ತಾರೆ. ಅದನ್ನು ನೋಡಿಕೊಳ್ಳುವುದು ಐಕ್ಯಾನ್ ಸಂಸ್ಥೆ. ಕೆಎಸ್‌ಕೆಯನ್ನು ಹೊರತೆಗೆಯುವುದು ಸಾಮಾನ್ಯವಾಗಿ ವರ್ಷಕ್ಕೆ ನಾಲ್ಕು ಸಲ ಮಾತ್ರ. ಉಳಿದ ಕಾಲವೆಲ್ಲ ಅದು ಎಚ್‌ಎಸ್‌ಎಂ ಎಂಬ ಪೆಟ್ಟಿಗೆಯೊಳಗೆ, ಪೆಟ್ಟಿಗೆ ತಿಜೋರಿಯೊಳಗೆ, ತಿಜೋರಿ ಬೀಗ ಹಾಕಿದ ಕೊಠಡಿಯೊಳಗೆ ಇರುತ್ತದೆ. ಹೆಚ್ಚು ಬಳಸುವ ಕೀಯನ್ನು ಬೇಗ ಬೇಗ ಬದಲಿಸುವುದು, ಎಲ್ಲರೂ ನೆಚ್ಚಿಕೊಂಡ ಕೀಯನ್ನು ಅಪರೂಪಕ್ಕೆ ಹೊರತೆಗೆಯುವುದು ಈ ಏರ್ಪಾಡಿನ ತಿರುಳು.

ಎಚ್‌ಎಸ್‌ಎಂ ಎಂದರೆ ಹಾರ್ಡ್‌ವೇರ್ ಸೆಕ್ಯುರಿಟಿ ಮಾಡ್ಯೂಲ್. ಕೀ ಅದರೊಳಗೇ ಹುಟ್ಟುತ್ತದೆ, ಬಿಡಿಯಾಗಿ ಹೊರಗೆ ಬರುವುದೇ ಇಲ್ಲ. ಸಹಿ ಬೇಕಾದವರು ದಾಖಲೆಯನ್ನು ಒಳಗೆ ಕಳಿಸಬೇಕು, ಹೊರಗೆ ಬರುವುದು ಸಹಿ ಮಾತ್ರ. ಪೆಟ್ಟಿಗೆಯನ್ನು ಕೊರೆಯಲು, ಬಿಚ್ಚಲು ನೋಡಿದರೆ ಒಳಗಿನ ಕೀಯನ್ನು ಅದೇ ಅಳಿಸಿಹಾಕುತ್ತದೆ. ಇದನ್ನು ತೆರೆಯುವ ಬಗೆ ಬ್ಯಾಂಕ್ ಲಾಕರಿನಂತೆ. ಮ್ಯಾನೇಜರ್ ಒಬ್ಬರಿಂದಲೂ ಆಗದು, ಗ್ರಾಹಕರೊಬ್ಬರಿಂದಲೂ ಆಗದು. ರೂಟ್ ಕೀಯ ವಿಷಯದಲ್ಲಿ ಪ್ರತಿ ಕೇಂದ್ರಕ್ಕೂ ಏಳು ಮಂದಿ ಹೊರಗಿನ ನಂಬಿಕಸ್ಥರನ್ನು ನೇಮಿಸಲಾಗಿದೆ. ಅವರಲ್ಲಿ ಕನಿಷ್ಠ ಮೂವರ ಸ್ಮಾರ್ಟ್ ಕಾರ್ಡ್ ಬಿದ್ದರೆ ಮಾತ್ರ ಯಂತ್ರ ಕೆಲಸಕ್ಕೆ ಸಿದ್ಧವಾಗುತ್ತದೆ. ಕೇಂದ್ರಗಳು ಎರಡು. ಒಂದು ಕಲ್ಪೆಪರ್, ಇನ್ನೊಂದು ಅಮೆರಿಕದ ಆಚೆ ತುದಿಯ ಕ್ಯಾಲಿಫೋರ್ನಿಯಾದ ಎಲ್ ಸೆಗುಂಡೊ. ಎರಡೂ ಕಡೆಯ ಯಂತ್ರಗಳು ನಾಶವಾದರೆ, ಬ್ಯಾಕಪ್‌ನಿಂದ ಕೀಯನ್ನು ಮತ್ತೆ ಕಟ್ಟಲು ಬೇರೆಯೇ ಏಳು ಮಂದಿಯಿದ್ದಾರೆ. ಅವರಲ್ಲಿ ಐವರು ಸೇರಬೇಕು.

ಮೂರು ತಿಂಗಳಿಗೊಮ್ಮೆ ನಡೆಯುವ ಈ ಕಲಾಪವನ್ನು ಕೀ ಸೆರಮನಿ ಎಂದು ಕರೆಯುತ್ತಾರೆ. ಅದು ನೇರ ಪ್ರಸಾರವಾಗುತ್ತದೆ. ತಿಜೋರಿಯಿಂದ ಪ್ಲಾಸ್ಟಿಕ್ ಚೀಲಗಳು ಹೊರಬರುತ್ತವೆ. ಪ್ರತಿ ಚೀಲಕ್ಕೂ ಒಂದು ಕ್ರಮಸಂಖ್ಯೆಯಿದೆ, ಒಮ್ಮೆ ಹರಿದರೆ ಮತ್ತೆ ಅಂಟಿಸಲಾಗದು. ಹಿಂದಿನ ಸೆರಮನಿಯ ದಾಖಲೆಯಲ್ಲಿರುವ ಸಂಖ್ಯೆಯೂ ಚೀಲದ ಮೇಲಿನ ಸಂಖ್ಯೆಯೂ ಒಂದೇ ಎಂದು ಖಾತರಿಪಡಿಸಿಕೊಂಡ ಮೇಲೆಯೇ ಅದನ್ನು ಕತ್ತರಿಸುತ್ತಾರೆ. ಲ್ಯಾಪ್‌ಟಾಪಿಗೆ ಹಾರ್ಡ್ ಡಿಸ್ಕ್ ಇಲ್ಲ, ಬ್ಯಾಟರಿ ಇಲ್ಲ, ಅದು ಡಿವಿಡಿಯಿಂದ ಶುರುವಾಗುತ್ತದೆ. ಸಹಿ ಹಾಕಬೇಕಾದ ಕಡತ ಬರುವುದು ವೆರಿಸೈನ್‌ನಿಂದ. ಅದರ ಹ್ಯಾಶ್ ಮೌಲ್ಯವನ್ನು ಆ ಕಂಪನಿಯ ಪ್ರತಿನಿಧಿ ಗಟ್ಟಿಯಾಗಿ ಓದುತ್ತಾರೆ. ಅಂಕಿಗಳನ್ನು ಓದುವಾಗ ಎಡವದಂತೆ ಪ್ರತಿ ಬೈಟಿಗೂ ಒಂದು ಇಂಗ್ಲಿಷ್ ಪದ ಗೊತ್ತುಮಾಡಿದ್ದಾರೆ. ಕೊಠಡಿಯಲ್ಲಿರುವವರು ಆ ಪದಗಳನ್ನು ಪರದೆಯ ಮೇಲಿನ ಪದಗಳೊಂದಿಗೆ ಒಂದೊಂದಾಗಿ ತಾಳೆ ನೋಡುತ್ತಾರೆ. ಆಮೇಲೆ ಸಹಿ. ಸಹಿ ಹಾಕುವ ಕೆಲಸ ಕ್ಷಣಾರ್ಧದ್ದು, ಅದಕ್ಕೆ ಮುಂಚಿನ ತಾಳೆ ನೋಡುವಿಕೆ ಗಂಟೆಗಳದ್ದು. ಕಂಪನಿಯೊಳಗಿನ ಎಚ್‌ಎಸ್‌ಎಂಗೆ ಇಷ್ಟು ಬೇಕಿಲ್ಲ ಎನ್ನುವವರಿದ್ದಾರೆ, ಅದು ನಿಜವೂ ಹೌದು. ಆದರೆ ಯಾವುದಕ್ಕೆ ಸಹಿ ಹಾಕುತ್ತಿದ್ದೇವೆಂದು ನೋಡದೆ ಸಹಿ ಹಾಕುವ ಎಚ್‌ಎಸ್‌ಎಂ, ಒಳಗಿರುವ ಕೀಯನ್ನು ಎಷ್ಟೇ ಚೆನ್ನಾಗಿ ಕಾಯ್ದರೂ, ನೆಟ್‌ವರ್ಕಿಗೆ ನುಗ್ಗಿದವನಿಗೂ ಅಷ್ಟೇ ನಿಷ್ಠೆಯಿಂದ ಸಹಿ ಹಾಕಿಕೊಡುತ್ತದೆ ಎಂಬುದನ್ನು ಮರೆಯಬಾರದು.

ಇಷ್ಟು ಕಾವಲಿಗೂ ತನ್ನದೇ ಬೆಲೆಯಿದೆ. 2020ರ ಫೆಬ್ರವರಿ 12ಕ್ಕೆ ನಿಗದಿಯಾಗಿದ್ದ ಸೆರಮನಿ ಆ ದಿನ ನಡೆಯಲಿಲ್ಲ, ಎಲ್ ಸೆಗುಂಡೊದ ತಿಜೋರಿಯ ಬೀಗವೇ ಕೆಟ್ಟು ಬಾಗಿಲು ತೆಗೆಯಲಾಗಲಿಲ್ಲ. ಬೀಗದವರನ್ನು ಕರೆಸಿ ಕೊರೆಸಬೇಕಾಯಿತು, ಸೆರಮನಿ ನಾಲ್ಕು ದಿನ ತಡವಾಯಿತು. ಯಾರಿಗೂ ತೊಂದರೆಯಾಗಲಿಲ್ಲ, ಏಕೆಂದರೆ ಮುಂದಿನ ಮೂರು ತಿಂಗಳಿಗೆ ಬೇಕಾದ ಸಹಿಗಳನ್ನು ಬಹಳ ಮುಂಚಿತವಾಗಿ ಹಾಕಿಸಿಡುವುದು ಇಲ್ಲಿನ ಪದ್ಧತಿ. ಎರಡು ತಿಂಗಳಲ್ಲೇ ಕೊರೊನಾ ಬಂದು ವಿಮಾನಗಳು ನಿಂತವು. ಕಾರ್ಡ್ ಹೊಂದಿದವರು ಲೋಕದ ಬೇರೆ ಬೇರೆ ಮೂಲೆಗಳಲ್ಲಿ ಸಿಕ್ಕಿಕೊಂಡರು. ಆಗ ಕೆಲವರು ತಮ್ಮ ಪೆಟ್ಟಿಗೆಯ ಕೀಲಿಕೈಗಳನ್ನು ಮೊಹರು ಹಾಕಿದ ಚೀಲದಲ್ಲಿ ಕಳಿಸಿಕೊಟ್ಟು, ವೀಡಿಯೊದಲ್ಲಿ ಕೂತು ನೋಡಿದರು. ಆ ಏಪ್ರಿಲ್‌ನಲ್ಲಿ ಒಂದೇ ಸಲಕ್ಕೆ ಒಂಬತ್ತು ತಿಂಗಳ ಸಹಿ ಹಾಕಿಸಿಟ್ಟರು. ಮುಂಗಡ ಸಹಿ ಹೆಚ್ಚಿದಷ್ಟೂ ಅದು ಕಳುವಾದರೆ ಆಗುವ ಅಪಾಯವೂ ಹೆಚ್ಚು. ಆದರೆ ಯಾರೂ ಬಂದು ಸೇರಲಾಗದೆ ಸಹಿಯ ಅವಧಿ ಮುಗಿದುಹೋಗುವುದು ಅದಕ್ಕಿಂತ ದೊಡ್ಡ ಅಪಾಯ. ಕೀ ಕಾಯುವವರು ಕಳ್ಳನನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಸಾಲದು, ಕೆಟ್ಟ ಬೀಗವನ್ನೂ ಹಿಡಿಯಬೇಕು.

ಈಗ ಬದಲಾವಣೆಯ ಕತೆಗೆ ಬರೋಣ. ಮೊದಲ ರೂಟ್ ಕೀ 2010ರ ಜೂನ್‌ನಲ್ಲಿ ಹುಟ್ಟಿತು, ಜುಲೈ 15ರಿಂದ ರೂಟ್ ಸಹಿಯೊಂದಿಗೆ ಹೊರಟಿತು. ಆ ಕೀಯ ಗುರುತಿನ ಸಂಖ್ಯೆ 19036. ಅದರ ಬದಲಿಗೆ ಬಂದ 20326ನೇ ಕೀ ಹುಟ್ಟಿದ್ದು 2016ರ ಅಕ್ಟೋಬರ್‌ನಲ್ಲಿ. ಹೊಸ ಕೀಯನ್ನು ಲಕ್ಷಾಂತರ ರಿಸಾಲ್ವರ್‌ಗಳಿಗೆ ತಲುಪಿಸುವುದು ಹೇಗೆ? ಅದಕ್ಕೆ ಆರ್‌ಎಫ್‌ಸಿ 5011 ಎಂಬ ನಿಯಮವಿದೆ. ಹೊಸ ಕೀಯನ್ನು ಹಳೆಯದರ ಪಕ್ಕದಲ್ಲೇ ಪ್ರಕಟಿಸಿ, ಹಳೆಯದರಿಂದಲೇ ಸಹಿ ಹಾಕಿಸುತ್ತಾರೆ. ರಿಸಾಲ್ವರ್ ಅದನ್ನು ಕಂಡ ಕೂಡಲೇ ನಂಬುವುದಿಲ್ಲ. 30 ದಿನ ಕಾಯುತ್ತದೆ. ಅಷ್ಟೂ ಕಾಲ ಹೊಸ ಕೀ ಅಲ್ಲಿಯೇ ಇದ್ದರೆ ಮಾತ್ರ ಅದನ್ನು ತನ್ನ ಟ್ರಸ್ಟ್ ಆಂಕರ್ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಹಳೆಯ ಕೀ ಕದ್ದವನೊಬ್ಬ ತನ್ನದೇ ಹೊಸ ಕೀ ತುರುಕಿದರೆ ನಿಜವಾದ ಒಡೆಯರಿಗೆ ಎಚ್ಚೆತ್ತುಕೊಳ್ಳಲು ಸಿಗುವ ಸಮಯ ಅದು.

2017ರ ಜುಲೈ 11ರಂದು ಹೊಸ ಕೀ ಪ್ರಕಟವಾಯಿತು. ಅಕ್ಟೋಬರ್ 11ಕ್ಕೆ ಅದರಿಂದಲೇ ಸಹಿ ಶುರುವಾಗಬೇಕಿತ್ತು. ನಡುವೆ ಮೂರು ತಿಂಗಳು, ಅಂದರೆ ಬೇಕಾದ 30 ದಿನದ ಮೂರು ಪಟ್ಟು. ಆದರೂ ಎರಡು ವಾರ ಮೊದಲು ಐಕ್ಯಾನ್ ಆ ದಿನವನ್ನು ಮುಂದೂಡಿತು.

ಕಾರಣ ಒಂದು ಅಂಕಿ. ರಿಸಾಲ್ವರ್‌ಗಳು ತಾವು ಯಾವ ಕೀಯನ್ನು ನಂಬಿದ್ದೇವೆಂದು ರೂಟ್ ಸರ್ವರ್‌ಗಳಿಗೆ ತಿಳಿಸುವ ಸೌಲಭ್ಯ ಅದೇ ವರ್ಷ ಹೊಸದಾಗಿ ಬಂದಿತ್ತು. ಹಾಗೆ ವರದಿ ಕಳಿಸಿದವುಗಳಲ್ಲಿ ಸುಮಾರು 5ರಿಂದ 8 ಶೇಕಡಾ ರಿಸಾಲ್ವರ್‌ಗಳು ಇನ್ನೂ ಹಳೆಯ ಕೀ ಒಂದನ್ನೇ ಹಿಡಿದು ಕೂತಿದ್ದವು. ವಿಚಾರಿಸುತ್ತ ಹೋದಾಗ ಕಾರಣಗಳು ಒಂದೊಂದಾಗಿ ಬಿಚ್ಚಿಕೊಂಡವು. ಕೆಲವೆಡೆ ನಿರ್ವಾಹಕರು ಕೀಯನ್ನು ಕಾನ್ಫಿಗರೇಶನ್ ಕಡತದಲ್ಲಿ ಕೈಯಾರೆ ಬರೆದಿಟ್ಟಿದ್ದರು, ಅದು ತಾನಾಗಿ ಬದಲಾಗುವಂತಿರಲಿಲ್ಲ. ಕೆಲವೆಡೆ ತಂತ್ರಾಂಶ ಹೊಸ ಕೀಯನ್ನು ಗುರುತಿಸಿತ್ತು, ಆದರೆ ಕಡತಕ್ಕೆ ಬರೆಯುವ ಅನುಮತಿಯೇ ಅದಕ್ಕಿರಲಿಲ್ಲ. ಇನ್ನು ಕೆಲವು ವರದಿಗಳ ಜಾಡು ಹಿಡಿದಾಗ ಸಿಕ್ಕಿದ್ದು ಹಳೆಯ ಕೀಯನ್ನು ಒಳಗೇ ಹೊತ್ತುಕೊಂಡಿದ್ದ ಒಂದು ವಿಪಿಎನ್ ಆ್ಯಪ್.

ಪ್ಲಾಟ್‌ಫಾರ್ಮ್ ಎಂಜಿನಿಯರುಗಳು ಹೆಚ್ಚು ಗಮನಿಸಬೇಕಾದ ಕಾರಣ ಕಂಟೇನರ್. ರಿಸಾಲ್ವರನ್ನು ಒಂದು ಇಮೇಜಿನಲ್ಲಿ ಕಟ್ಟಿಡುತ್ತಾರೆ, ಅದರೊಳಗೆ ಹಳೆಯ ಟ್ರಸ್ಟ್ ಆಂಕರ್ ಕಡತವೂ ಇರುತ್ತದೆ. ಕಂಟೇನರ್ ಶುರುವಾದಾಗ ಹೊಸ ಕೀಯನ್ನು ಕಂಡು 30 ದಿನದ ಎಣಿಕೆ ಆರಂಭಿಸುತ್ತದೆ. ಹತ್ತು ಹದಿನೈದು ದಿನಕ್ಕೆ ಹೊಸ ಬಿಲ್ಡ್ ಬಂದು ಹಳೆಯ ಕಂಟೇನರ್ ಅಳಿಯುತ್ತದೆ. ಹೊಸದು ಮತ್ತೆ ಮೊದಲ ದಿನದಿಂದ ಎಣಿಸುತ್ತದೆ. 30ನೇ ದಿನ ಎಂದೂ ಬರುವುದೇ ಇಲ್ಲ. ಲಾಗ್ ನೋಡಿದರೆ ಯಾವ ದೋಷವೂ ಕಾಣುವುದಿಲ್ಲ, ಏಕೆಂದರೆ ಹಳೆಯ ಕೀ ಚಾಲ್ತಿಯಲ್ಲಿರುವವರೆಗೆ ಎಲ್ಲವೂ ಸರಿಯಾಗಿಯೇ ನಡೆಯುತ್ತಿರುತ್ತದೆ. ಒಂದು ವರ್ಷ ಕಾದು ಈ ಗಂಟುಗಳನ್ನು ಬಿಡಿಸಲು ಹೊರಟ ಐಕ್ಯಾನ್‌ನ ನಿರ್ಧಾರ ಸರಿಯಾಗಿತ್ತು. ತಾರೀಖಿನ ಹಟಕ್ಕಿಂತ ಅಂಕಿಯ ಮಾತು ಮುಖ್ಯವಾಯಿತು.

2018ರ ಅಕ್ಟೋಬರ್ 11ರಂದು, ಭಾರತದ ಸಮಯ ರಾತ್ರಿ ಒಂಬತ್ತೂವರೆಗೆ, ಬದಲಾವಣೆ ನಡೆಯಿತು. ಆ ಗಳಿಗೆಯಲ್ಲಿ ಏನೂ ಆಗಲಿಲ್ಲ. ಆಗುವಂತೆಯೂ ಇರಲಿಲ್ಲ. ರೂಟ್‌ನ ಕೀ ಪಟ್ಟಿಯನ್ನು ರಿಸಾಲ್ವರ್‌ಗಳು 48 ಗಂಟೆ ನೆನಪಿನಲ್ಲಿಟ್ಟುಕೊಳ್ಳುತ್ತವೆ. ಹೊಸ ಕೀ ಗೊತ್ತಿಲ್ಲದ ರಿಸಾಲ್ವರ್ ಕೂಡ ಆ ನೆನಪು ತೀರುವವರೆಗೆ ಸರಾಗವಾಗಿ ಓಡುತ್ತದೆ, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಐರ್ಲೆಂಡ್‌ನ ಒಂದು ದೊಡ್ಡ ಇಂಟರ್ನೆಟ್ ಸೇವಾ ಕಂಪನಿಯ ಗ್ರಾಹಕರಿಗೆ ಡಿಎನ್‌ಎಸ್ ಕೈಕೊಟ್ಟದ್ದು ಅಕ್ಟೋಬರ್ 13ರಂದು, ಅಂದರೆ ಸರಿಯಾಗಿ ಎರಡು ದಿನಗಳ ಮೇಲೆ. ಅದನ್ನು ಬಿಟ್ಟರೆ ಲೋಕ ಹೆಚ್ಚೇನೂ ಗಮನಿಸಲಿಲ್ಲ. ಇಂಥ ಕುಸಿತವನ್ನು ಗುರುತಿಸುವ ಬಗೆ ಸರಳ. `dig` ಆದೇಶಕ್ಕೆ ಉತ್ತರವಾಗಿ `SERVFAIL` ಬಂದು, ಅದೇ ಪ್ರಶ್ನೆಗೆ `+cd` ಸೇರಿಸಿದಾಗ, ಎಂದರೆ ಸಹಿಯನ್ನು ಪರೀಕ್ಷಿಸಬೇಡ ಎಂದಾಗ, ಸರಿಯಾದ ಉತ್ತರ ಬಂದರೆ ತೊಂದರೆ ನೆಟ್‌ವರ್ಕಿನದಲ್ಲ, ಸಹಿಯ ಪರೀಕ್ಷೆಯದು.

ಹೊಸ ಕೀ ಕೂತ ಮಾತ್ರಕ್ಕೆ ಹಳೆಯದರ ಆಯುಸ್ಸು ಮುಗಿಯುವುದಿಲ್ಲ. 2019ರ ಜನವರಿ 11ರಂದು ಹಳೆಯ ಕೀಯನ್ನು ರದ್ದಾಗಿದೆ ಎಂಬ ಗುರುತಿನೊಂದಿಗೆ ಪ್ರಕಟಿಸಿದರು. ಅಂದಿನಿಂದ ರೂಟ್ ಸರ್ವರ್‌ಗಳಿಗೆ ಕೀ ಪಟ್ಟಿ ಕೊಡಿ ಎಂಬ ಬೇಡಿಕೆ ಹಲವು ಪಟ್ಟು ಏರತೊಡಗಿತು. ಕೆಲವು ಹಳೆಯ ರಿಸಾಲ್ವರ್‌ಗಳು ತಮಗೆ ಹಿಡಿಸುವ ಕೀ ಸಿಗದೆ ಮತ್ತೆ ಮತ್ತೆ ಕೇಳುತ್ತಿದ್ದವು. ಮಾರ್ಚ್ 22ರಂದು ಹಳೆಯ ಕೀಯನ್ನು ಪಟ್ಟಿಯಿಂದ ಪೂರ್ತಿ ತೆಗೆದಾಗ ಆ ಪ್ರವಾಹ ಇಳಿಯಿತು. ಆಮೇಲಷ್ಟೇ ಎರಡೂ ಕೇಂದ್ರಗಳ ಎಚ್‌ಎಸ್‌ಎಂಗಳಿಂದ ಅದನ್ನು ಸಾಕ್ಷಿಗಳ ಮುಂದೆ ಅಳಿಸಿದರು. ಹುಟ್ಟು, ಪ್ರಕಟಣೆ, ಕಾಯುವಿಕೆ, ಬಳಕೆ, ರದ್ದು, ತೆಗೆಯುವಿಕೆ, ನಾಶ: ಕೀಯ ಬದುಕಿನಲ್ಲಿ ಇಷ್ಟು ಘಟ್ಟಗಳಿವೆ, ಬಳಕೆ ಅವುಗಳಲ್ಲಿ ಒಂದು ಮಾತ್ರ.

ಕಂಪನಿಗಳ ಒಳಗೆ ಇದೇ ಕತೆ ಸ್ವಲ್ಪ ಬೇರೆ ರೂಪದಲ್ಲಿ ನಡೆಯುತ್ತದೆ. ರೂಟ್ ಕೀ ಸಹಿ ಹಾಕುವ ಕೀ, ಹಳೆಯ ಸಹಿಗಳ ಅವಧಿ ತೀರಿದರೆ ಅದನ್ನು ನಾಶ ಮಾಡಬಹುದು. ದತ್ತಾಂಶವನ್ನು ಗುಪ್ತಲಿಪಿಗೆ ತಿರುಗಿಸುವ ಕೀ ಹಾಗಲ್ಲ. ಭಾರತದಲ್ಲಿ ಆಧಾರ್ ಸಂಖ್ಯೆಗಳನ್ನು ಕೂಡಿಡುವ ಸಂಸ್ಥೆಗಳು ಅವನ್ನು ಪ್ರತ್ಯೇಕ ವಾಲ್ಟಿನಲ್ಲಿ ಗುಪ್ತಲಿಪಿಯಲ್ಲಿಟ್ಟು, ಕೀಗಳನ್ನು ಎಚ್‌ಎಸ್‌ಎಂನಲ್ಲೇ ಇಡಬೇಕೆಂದು 2017ರಲ್ಲಿ ಆಧಾರ್ ಪ್ರಾಧಿಕಾರ ಸೂಚಿಸಿತು. ಅಂಥ ಕಡೆ ಕೀ ಬದಲಾದರೂ ನಿನ್ನೆಯ ದಾಖಲೆಗಳು ನಿನ್ನೆಯ ಕೀಯಿಂದಲೇ ತೆರೆದುಕೊಳ್ಳುತ್ತವೆ. ಅದಕ್ಕೇ ಕ್ಲೌಡ್ ಸೇವೆಗಳು ಕೀಯನ್ನು ತಾವಾಗಿ ಬದಲಿಸುವಾಗ ಹಳೆಯ ಆವೃತ್ತಿಗಳನ್ನು ಅಳಿಸುವುದಿಲ್ಲ. ಹೊಸ ದಾಖಲೆಗೆ ಹೊಸ ಆವೃತ್ತಿ, ಹಳೆಯದನ್ನು ಓದಲು ಹಳೆಯದು. ಅಮೆಜಾನ್‌ನ ಕೆಎಂಎಸ್‌ನಲ್ಲಿ ಕೀ ಅಳಿಸಲು ಹೇಳಿದರೂ 7ರಿಂದ 30 ದಿನಗಳ ಕಾಯುವ ಅವಧಿ ಇದ್ದೇ ಇದೆ. ಹಳೆಯ ಆವೃತ್ತಿಯನ್ನು ನಿಜಕ್ಕೂ ನಾಶ ಮಾಡಬೇಕಾದರೆ ಮೊದಲು ಅದರಡಿಯ ದತ್ತಾಂಶವನ್ನು, ಇಲ್ಲವೇ ಆ ದತ್ತಾಂಶದ ಚಿಕ್ಕ ಕೀಗಳನ್ನು, ಹೊಸ ಕೀಯಿಂದ ಮತ್ತೆ ಮುಚ್ಚಬೇಕು. ಇಷ್ಟನ್ನು ಮಾಡದೆ ವರ್ಷಕ್ಕೊಮ್ಮೆ ಕೀ ಬದಲಿಸಿದ್ದೇವೆ ಎಂದು ಲೆಕ್ಕಪರಿಶೋಧಕರಿಗೆ ತೋರಿಸುವುದರಿಂದ, ಹಳೆಯ ಕೀ ಸೋರಿದಾಗ ಹಳೆಯ ದಾಖಲೆಗಳಿಗೆ ಸಿಗುವ ರಕ್ಷಣೆ ಏನೂ ಇಲ್ಲ.

ಇನ್ನು ಯಂತ್ರದ ಆಯುಸ್ಸಿನ ಪ್ರಶ್ನೆ. ಎಚ್‌ಎಸ್‌ಎಂ ಬಳಸುವ ಪಿಕೆಸಿಎಸ್ 11 ಮಾನದಂಡದಲ್ಲಿ ಕೀ ಹುಟ್ಟುವಾಗಲೇ `CKA_EXTRACTABLE` ಎಂಬ ಗುಣಕ್ಕೆ `false` ಎಂದು ಬರೆದರೆ, ಆ ಕೀಯನ್ನು ಇನ್ನೊಂದು ಕೀಯಲ್ಲಿ ಸುತ್ತಿ ಕೂಡ ಹೊರತೆಗೆಯಲಾಗದು. ಒಮ್ಮೆ ಬರೆದ ಮೇಲೆ ಅದನ್ನು `true` ಮಾಡಲೂ ಆಗದು. ಭದ್ರತೆಯ ದೃಷ್ಟಿಯಿಂದ ಬೇಕಾದ್ದು ಇದೇ. ಆದರೆ ಅಂಥ ಕೀಯ ಬ್ಯಾಕಪ್ ಅದೇ ತಯಾರಕರ ಇನ್ನೊಂದು ಯಂತ್ರಕ್ಕೆ ಮಾತ್ರ ಹೋಗುತ್ತದೆ. ಎಂದರೆ ತಯಾರಕರನ್ನು ಬದಲಿಸುವುದು ಮತ್ತು ಕೀ ಬದಲಿಸುವುದು ಒಂದೇ ಕೆಲಸವಾಗಿಬಿಡುತ್ತದೆ. ರೂಟ್ ಕೀಯ ಹೊಣೆ ಹೊತ್ತವರು ಎದುರಿಸಿದ್ದೂ ಇದನ್ನೇ. ಹಳೆಯ ಯಂತ್ರದ ಕೀಯನ್ನು ಹೊಸ ಯಂತ್ರಕ್ಕೆ ಸಾಗಿಸುವ ಬದಲು ಹೊಸ ಯಂತ್ರದಲ್ಲಿ ಹೊಸ ಕೀ ಹುಟ್ಟಿಸಿ, ಕೆಲಕಾಲ ಎರಡೂ ಕಂಪನಿಯ ಯಂತ್ರಗಳನ್ನು ಜೊತೆಯಾಗಿ ನಡೆಸಿಕೊಂಡು ಹೋಗುವ ದಾರಿ ಹಿಡಿದರು. ಎಚ್‌ಎಸ್‌ಎಂ ಕೊಳ್ಳುವಾಗ ಬೆಲೆ, ವೇಗಗಳ ಜೊತೆಗೆ ತಯಾರಕರ ಬೆಂಬಲ ಎಂದಿನವರೆಗೆ ಎಂಬುದನ್ನೂ ಕೇಳಿ, ಕೀಯ ಕೊನೆಯ ದಿನವನ್ನು ಅದಕ್ಕಿಂತ ಮುಂಚೆಯೇ ಗೊತ್ತುಮಾಡಿಕೊಳ್ಳುವುದು ಜಾಣತನ.

2024ರಲ್ಲಿ ಹುಟ್ಟಿದ ಆ ಕೀಯ ಗುರುತಿನ ಸಂಖ್ಯೆ 38696. 2025ರ ಜನವರಿ 11ರಿಂದ ಅದು ರೂಟ್‌ನ ಪಟ್ಟಿಯಲ್ಲಿದೆ. ಅದರಿಂದ ಸಹಿ ಶುರುವಾಗಲು ಗೊತ್ತುಮಾಡಿದ ದಿನ 2026ರ ಅಕ್ಟೋಬರ್ 11. ಈ ಸಲ ಸಿಕ್ಕಿರುವುದು ಮೂರು ತಿಂಗಳಲ್ಲ, ಇಪ್ಪತ್ತೊಂದು ತಿಂಗಳು. ಸಹಿ ಪರೀಕ್ಷಿಸುವ ರಿಸಾಲ್ವರ್ ನಡೆಸುವವರು, ಅದು ದೊಡ್ಡ ಸೇವಾ ಕಂಪನಿಯಿರಲಿ, ಕಾಲೇಜಿನ ಲ್ಯಾಬ್ ಇರಲಿ, ಈ ಸಾಲುಗಳಲ್ಲಿ ತಮ್ಮ ತಂತ್ರಾಂಶಕ್ಕೆ ಹೊಂದುವುದನ್ನು ಓಡಿಸಿ ನೋಡಬೇಕು:

```
dig . DNSKEY +multiline | grep 'key id'
rndc managed-keys status
grep 'state=' /var/lib/unbound/root.key
```

ಮೊದಲನೆಯದು ರೂಟ್ ಏನನ್ನು ಪ್ರಕಟಿಸಿದೆ ಎಂದಷ್ಟೇ ಹೇಳುತ್ತದೆ, ನಿಮ್ಮ ರಿಸಾಲ್ವರ್ ಏನನ್ನು ನಂಬಿದೆ ಎಂದಲ್ಲ. ಬೈಂಡ್ ಬಳಸುವವರಿಗೆ ಎರಡನೆಯದು, ಅನ್‌ಬೌಂಡ್ ಬಳಸುವವರಿಗೆ ಮೂರನೆಯದು. ಕಡತವಿರುವ ಜಾಗ ನಿಮ್ಮಲ್ಲಿ ಬೇರೆ ಇರಬಹುದು. ಅನ್‌ಬೌಂಡ್‌ನಲ್ಲಿ 38696ರ ಎದುರು `VALID` ಎಂದಿದ್ದರೆ ಸರಿ. `ADDPEND` ಎಂದಿದ್ದರೆ ಎಣಿಕೆ ಇನ್ನೂ ನಡೆಯುತ್ತಿದೆ ಎಂದರ್ಥ, ಒಂದು ತಿಂಗಳು ಬಿಟ್ಟು ಮತ್ತೆ ನೋಡಿ. ಆಗಲೂ ಹಾಗೆಯೇ ಇದ್ದರೆ ನಿಮ್ಮ ಕಂಟೇನರ್ ಪ್ರತಿ ಸಲ ಮೊದಲಿನಿಂದ ಎಣಿಸುತ್ತಿದೆ. ಟ್ರಸ್ಟ್ ಆಂಕರ್ ಕಡತವನ್ನು ಇಮೇಜಿನಿಂದ ಹೊರಗೆ, ಅಳಿಯದ ವಾಲ್ಯೂಮಿನಲ್ಲಿಟ್ಟು, ರಿಸಾಲ್ವರ್‌ಗೆ ಅದನ್ನು ಬರೆಯುವ ಅನುಮತಿ ಕೊಡಿ. ಆಗದಿದ್ದರೆ ಹೊಸ ಕೀ ಇರುವ ಆವೃತ್ತಿಯಿಂದ ಇಮೇಜನ್ನು ಮತ್ತೆ ಕಟ್ಟಿ.